ಹೊಡೆತ ತಪ್ಪಿದ ಮೇಲೂ ಸೊನ್ನೆಗೆ ಇಳಿಯದ ಕಾಂಬೊ ಎಣಿಕೆ

ಗುದ್ದುಗಾರ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ಬಿಡುವಿನ ವೇಳೆಯಲ್ಲಿ ಗೊಡೋ 4ರಲ್ಲಿ ಇಬ್ಬರು ಎದುರುಬದುರು ನಿಂತು ಕಾದಾಡುವ 2ಡಿ ಆಟವೊಂದನ್ನು ಕಟ್ಟುತ್ತಿದ್ದೇನೆ. ಒಬ್ಬನು ಸತತವಾಗಿ ಹೊಡೆದಾಗ ಪರದೆಯ ಬದಿಯಲ್ಲಿ ‘2 ಹಿಟ್’, ‘3 ಹಿಟ್’ ಎಂದು ಮೂಡುವ ಎಣಿಕೆಯಲ್ಲಿ ಒಂದು ದೋಷವಿದ್ದು, ಮೂರು ರಾತ್ರಿ ಕುಳಿತರೂ ಅದು ಬಗೆಹರಿದಿಲ್ಲ.

ಮೊದಲ ಗುದ್ದು ತಗಲುತ್ತದೆ. ಎದುರಾಳಿ ಹಿಂದಕ್ಕೆ ಸರಿಯುವುದರಿಂದ ಎರಡನೆಯದು ಗಾಳಿಗೆ ಹೋಗುತ್ತದೆ. ಅಷ್ಟರಲ್ಲಿ ಎದುರಾಳಿ ಚೇತರಿಸಿಕೊಂಡು ನಡೆದಾಡಲು ಆರಂಭಿಸಿರುತ್ತಾನೆ. ಆಗ ನಾನು ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಗುದ್ದಿದರೆ ಎಣಿಕೆ 1ರಿಂದ ಶುರುವಾಗಬೇಕು, ಆದರೆ ಅದು 2 ಎಂದು ತೋರಿಸುತ್ತದೆ. ಇದು ಬರೀ ತೋರಿಕೆಯ ತಪ್ಪಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನನ್ನ ಆಟದಲ್ಲಿ ಕಾಂಬೊ ಬೆಳೆದಂತೆ ಪ್ರತಿ ಹೊಡೆತದ ಬಲ ಮೊದಲಿನ ಹತ್ತನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ಹೀಗಾಗಿ 50 ಅಂಕ ಕಳೆಯಬೇಕಾದ ಗುದ್ದು, ನಡುವೆ ಎದುರಾಳಿ ಎಷ್ಟು ಬಾರಿ ಬಿಡಿಸಿಕೊಂಡಿದ್ದರೂ, ಆರನೆಯ ಸಲಕ್ಕೆ 25 ಅಂಕವನ್ನಷ್ಟೇ ಕಳೆಯುತ್ತಿದೆ.

ವಿಚಿತ್ರವೆಂದರೆ, ಗುದ್ದು ತಪ್ಪಿದ ಮೇಲೆ ಸುಮ್ಮನೆ ನಿಂತರೆ ಎಣಿಕೆ ಸರಿಯಾಗಿ ಸೊನ್ನೆಯಾಗುತ್ತದೆ. ಗುಂಡಿಯನ್ನು ಒತ್ತುತ್ತಲೇ ಇದ್ದರೆ ಮಾತ್ರ ಆಗುವುದಿಲ್ಲ. ಕೋಡಿನ ಮುಖ್ಯ ಭಾಗ ಇಲ್ಲಿದೆ:

```gdscript
func attack(anim_name):
    did_hit = false
    $ComboTimer.start(0.5)
    $AnimationPlayer.play(anim_name)

func _physics_process(_delta):
    if active and not did_hit and hitbox.intersects(foe.hurtbox):
        did_hit = true
        combo += 1

func _on_combo_timer_timeout():
    combo = 0

func _on_animation_finished(_name):
    if not did_hit:
        combo = 0
```

ಟೈಮರನ್ನು 0.3 ಸೆಕೆಂಡಿಗೆ ಇಳಿಸಿಯೂ ನೋಡಿದೆ. ಆಗ ಬಲವಾದ ಒದೆತದ ನಂತರ ನಿಜವಾಗಿಯೂ ಕೂಡಿಬರುವ ಹೊಡೆತಗಳ ಎಣಿಕೆ ನಡುವೆಯೇ ಕಡಿಯುತ್ತದೆ. ದಯವಿಟ್ಟು ದಾರಿ ತೋರಿಸಿ.

ಬೀದಿಕಾಳಗ

ನನಗೂ ಇದೇ ತೊಂದರೆ ಇತ್ತು. ಟೆಕ್ಕನ್ 8ರಲ್ಲಿ ಆನ್‌ಲೈನ್ ಆಡುವಾಗ ಮೂರನೆಯ ಹೊಡೆತ ಬರುವಷ್ಟರಲ್ಲಿ ಕಾಂಬೊ ಮುರಿದುಬೀಳುತ್ತಿತ್ತು. ವೈ-ಫೈ ಬಿಟ್ಟು ತಂತಿಯ ಸಂಪರ್ಕಕ್ಕೆ ಬದಲಾಯಿಸಿಕೊಂಡ ಮೇಲೆ ಸರಿಹೋಯಿತು. ನೀವೂ ಒಮ್ಮೆ ಪ್ರಯತ್ನಿಸಿ ನೋಡಿ.

ಗುದ್ದುಗಾರ

ಧನ್ಯವಾದ ಸರ್, ಆದರೆ ನನ್ನ ತೊಂದರೆ ಇದಕ್ಕೆ ತಿರುಗುಮುರುಗು. ನಿಮ್ಮ ಕಾಂಬೊ ಮುರಿಯಬಾರದ ಕಡೆ ಮುರಿಯುತ್ತಿತ್ತು, ನನ್ನದು ಮುರಿಯಬೇಕಾದ ಕಡೆಯೂ ಮುರಿಯುತ್ತಿಲ್ಲ. ಜೊತೆಗೆ ಆಟವಿನ್ನೂ ಒಂದೇ ಯಂತ್ರದಲ್ಲಿ ನಡೆಯುತ್ತಿದೆ, ನೆಟ್‌ವರ್ಕ್ ಇಲ್ಲವೇ ಇಲ್ಲ.

ನೀಲಿಚೌಕ

ಸುಮ್ಮನೆ ನಿಂತಾಗ ಸರಿಯಾಗುತ್ತದೆ, ಒತ್ತುತ್ತಲೇ ಇದ್ದರೆ ಆಗುವುದಿಲ್ಲ ಎಂದು ನೀವು ಗಮನಿಸಿದ್ದರಲ್ಲಿಯೇ ಉತ್ತರವಿದೆ. ನಿಮ್ಮ ಲೈಟ್ ಪಂಚ್ ಪೂರ್ತಿ ಮುಗಿಯುವ ಮೊದಲೇ ಇನ್ನೊಂದು ಪಂಚ್ ಆರಂಭಿಸಲು ಆಟ ಅವಕಾಶ ಕೊಡುತ್ತಿದೆ ಎಂದು ಊಹಿಸುತ್ತೇನೆ. ಹಾಗಿದ್ದರೆ ಎರಡನೆಯ `play()` ಮೊದಲನೆಯ ಅನಿಮೇಷನ್ನನ್ನು ನಡುವೆಯೇ ನಿಲ್ಲಿಸುತ್ತದೆ. ನಡುವೆ ನಿಂತ ಅನಿಮೇಷನ್ನಿಗೆ `animation_finished` ಸಿಗ್ನಲ್ ಬರುವುದೇ ಇಲ್ಲ. ನೀವು ಸೊನ್ನೆ ಮಾಡಲು ನಂಬಿಕೊಂಡಿರುವ ಒಂದು ಬಾಗಿಲು ಹೀಗೆ ಮುಚ್ಚಿಹೋಗುತ್ತದೆ.

ಇನ್ನೊಂದು ಬಾಗಿಲು ಟೈಮರ್. ಹೊಡೆತ ತಗಲಿದಾಗ ಆರಂಭಿಸಬೇಕಾದ ಟೈಮರನ್ನು ನೀವು ಗುಂಡಿ ಒತ್ತಿದಾಗ ಆರಂಭಿಸುತ್ತಿದ್ದೀರಿ. ಆದ್ದರಿಂದ ಗಾಳಿಗೆ ಹೋದ ಪ್ರತಿ ಗುದ್ದು ಕೂಡ ಹಳೆಯ ಕಾಂಬೊಗೆ ಇನ್ನರ್ಧ ಸೆಕೆಂಡಿನ ಆಯುಷ್ಯ ಕೊಡುತ್ತದೆ.

ಪರಿಹಾರ ಸುಲಭ. `start(0.5)` ಸಾಲನ್ನು ಹೊಡೆತ ತಗಲುವ ಜಾಗಕ್ಕೆ ಸರಿಸಿ. ಹಿಟ್‌ಬಾಕ್ಸ್ ಆರುವ ಫ್ರೇಮಿನಲ್ಲಿ `did_hit` ನೋಡಿ, ತಗಲಿಲ್ಲವಾದರೆ ಅಲ್ಲಿಯೇ `combo = 0` ಮಾಡಿ. ಅನಿಮೇಷನ್ ಮುಗಿಯುವವರೆಗೆ ಕಾಯಬೇಡಿ.

ಗುದ್ದುಗಾರ

ನೀಲಿಚೌಕ ಅವರೇ, ನಿಮ್ಮ ಊಹೆ ಸರಿ. ಲೈಟ್ ಪಂಚ್‌ಗಳನ್ನು ಬೇಗಬೇಗ ಒತ್ತಿದರೆ ಒಂದನ್ನೊಂದು ಕತ್ತರಿಸಿಕೊಂಡು ಬರುವಂತೆ ನಾನೇ ಮಾಡಿದ್ದೆ. ಎರಡೂ ಬದಲಾವಣೆ ಮಾಡಿದ ಮೇಲೆ ಮೊದಲಿನ ದೋಷ ಹೋಯಿತು.

ಆದರೆ ಈಗ ಹೊಸದೊಂದು ಎದ್ದಿದೆ. ನನ್ನ ಪಾತ್ರಕ್ಕೆ ಬೆಂಕಿಯ ಉಂಡೆ ಎಸೆಯುವ ವಿದ್ಯೆಯಿದೆ. ಉಂಡೆ ತಗಲಿ ಎದುರಾಳಿ ಇನ್ನೂ ತತ್ತರಿಸುತ್ತಿರುವಾಗ ನಾನು ಓಡಿಬಂದು ಗುದ್ದುತ್ತೇನೆ. ಮೊದಲ ಗುದ್ದು ಕೂದಲೆಳೆಯಲ್ಲಿ ತಪ್ಪಿ ಎರಡನೆಯದು ತಗಲಿದರೂ ಎದುರಾಳಿ ಆ ಹೊತ್ತಿಗೆ ತತ್ತರದಿಂದ ಹೊರಬಂದಿರುವುದಿಲ್ಲ, ಹೀಗಾಗಿ ಅದು ಎರಡು ಹೊಡೆತದ ಕಾಂಬೊ ಆಗಲೇಬೇಕು. ಈಗ ಮಾತ್ರ 1 ಎಂದು ತೋರಿಸುತ್ತಿದೆ, ಬಲವೂ ಕುಗ್ಗುತ್ತಿಲ್ಲ.

ಅರವತ್ತನೇ ಫ್ರೇಮ್

ನೀಲಿಚೌಕ ಅವರು ದೋಷವನ್ನು ಸರಿಯಾಗಿ ಪತ್ತೆಮಾಡಿದ್ದಾರೆ. ಆದರೆ ಸೂಚಿಸಿದ ಪರಿಹಾರದಲ್ಲಿ, ಎಣಿಕೆಯನ್ನು ಮುರಿಯುವ ಅಧಿಕಾರ ಹೊಡೆಯುವವನ ಕೈಯಲ್ಲೇ ಉಳಿದುಬಿಟ್ಟಿದೆ. ಹೊಡೆಯುವವನು ತಪ್ಪಿದನೋ ಇಲ್ಲವೋ ಎಂಬುದಕ್ಕೂ ಕಾಂಬೊಗೂ ನೇರ ಸಂಬಂಧವಿಲ್ಲ. ಈ ಬಗೆಯ ಆಟಗಳಲ್ಲಿ ಕಾಂಬೊ ಎಂದರೆ ಹೊಡೆತ ತಿಂದವನಿಗೆ ಮುಂದಿನ ಹೊಡೆತವನ್ನು ತಡೆಯಲು ಅವಕಾಶವೇ ಸಿಗದಿರುವ ಸ್ಥಿತಿ. 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಅದು ಯಾರೂ ಯೋಜಿಸದೆ ನುಸುಳಿಕೊಂಡ ಗುಣವಾಗಿತ್ತು. 1993ರ ಸೂಪರ್ ಸ್ಟ್ರೀಟ್ ಫೈಟರ್ 2ರಲ್ಲಿ ಎಣಿಕೆ ಪರದೆಯ ಮೇಲೆ ಬಂತು. ಅಂದಿನಿಂದ ಆ ಅಂಕಿ ಹೇಳುತ್ತಿರುವುದು ಇದನ್ನೇ: ಇಷ್ಟು ಹೊಡೆತಗಳ ನಡುವೆ ಎದುರಾಳಿಗೆ ಬಿಡುವೇ ಸಿಗಲಿಲ್ಲ.

ನಿಮ್ಮ ಟೈಮರ್ ಬಂದದ್ದು ಬಹುಶಃ ಬೇರೆ ಬಗೆಯ ಆಟದ ಪಾಠದಿಂದ ಇರಬೇಕು. ಸ್ಟ್ರೀಟ್ಸ್ ಆಫ್ ರೇಜ್ 4ರಂತೆ ಬೀದಿಯುದ್ದಕ್ಕೂ ಗುಂಪನ್ನು ಬಡಿಯುತ್ತ ಸಾಗುವ ಆಟಗಳಲ್ಲಿ, ಒಂದು ಹೊಡೆತದಿಂದ ಇನ್ನೊಂದಕ್ಕೆ ಇಷ್ಟು ಸಮಯದೊಳಗೆ ತಲುಪಿದರೆ ಸಾಕು, ಎಣಿಕೆ ಮುಂದುವರಿಯುತ್ತದೆ. ಅಲ್ಲಿ ಟೈಮರ್ ನ್ಯಾಯವಾದದ್ದೇ. ನಿಮ್ಮ ಆಟದಲ್ಲಿ ಲೈಟ್ ಪಂಚ್ ಎದುರಾಳಿಯನ್ನು ಎಷ್ಟು ಫ್ರೇಮ್ ತತ್ತರಿಸುತ್ತದೆ, ಬಲವಾದ ಒದೆತ ಎಷ್ಟು?

ಗುದ್ದುಗಾರ

ಲೈಟ್ ಪಂಚ್‌ಗೆ 15, ಮೀಡಿಯಂಗೆ 19, ಬಲವಾದ ಒದೆತಕ್ಕೆ 24. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ.

ಅರವತ್ತನೇ ಫ್ರೇಮ್

ಅಂದರೆ ಕಾಲು ಸೆಕೆಂಡಿನಿಂದ 0.4 ಸೆಕೆಂಡಿನವರೆಗೆ. ನೀವು ಇಟ್ಟಿದ್ದ 0.5 ಸೆಕೆಂಡ್ ಎಂದರೆ 30 ಫ್ರೇಮ್, ಅದು ಎಲ್ಲ ಹೊಡೆತಗಳಿಗೂ ಹೆಚ್ಚು. 0.3 ಎಂದರೆ 18 ಫ್ರೇಮ್, ಅದು ಲೈಟ್‌ಗೆ ಹೆಚ್ಚು, ಉಳಿದೆರಡಕ್ಕೂ ಕಡಿಮೆ. ಮೂರಕ್ಕೂ ಹೊಂದುವ ಒಂದೇ ಸಂಖ್ಯೆ ಇಲ್ಲವೆಂದ ಮೇಲೆ ಟೈಮರನ್ನು ತಿದ್ದುತ್ತ ಕೂರುವುದರಲ್ಲಿ ಅರ್ಥವಿಲ್ಲ. ಬೇಕಾದ ಗಡಿಯಾರ ನಿಮ್ಮ ಬಳಿ ಆಗಲೇ ಇದೆ, ಅದೇ ಎದುರಾಳಿಯ ಹಿಟ್‌ಸ್ಟನ್.

ಇನ್ನೊಂದು ವಿಷಯವನ್ನು ಗಮನಿಸಬೇಕು. ಹೊಡೆತ ತಗಲುವುದು ಒಂದು ಘಟನೆ, ಅದನ್ನು ಕೋಡ್ ಹಿಡಿಯಬಲ್ಲದು. ಹೊಡೆತ ತಪ್ಪುವುದು ಘಟನೆಯಲ್ಲ, ಅಲ್ಲಿ ಏನೂ ನಡೆಯುವುದಿಲ್ಲ, ಯಾವ ಪೆಟ್ಟಿಗೆಯೂ ಯಾವುದಕ್ಕೂ ತಾಗುವುದಿಲ್ಲ. ನಡೆಯದೇ ಹೋದದ್ದಕ್ಕಾಗಿ ಕಾದು ಕುಳಿತು ಸೊನ್ನೆ ಮಾಡಲು ಹೋದಾಗಲೇ ಇಂತಹ ಸಂದುಗಳು ಉಳಿಯುತ್ತವೆ. ಆದ್ದರಿಂದ ತಪ್ಪಿದಾಗ ಏನನ್ನೂ ಮಾಡಬೇಡಿ. ಮುಂದಿನ ಹೊಡೆತ ತಗಲಿದ ಕ್ಷಣದಲ್ಲಿ ಹೊಡೆಸಿಕೊಂಡವನನ್ನೇ ಕೇಳಿ: ನೀನು ಇನ್ನೂ ತತ್ತರಿಸುತ್ತಿದ್ದೀಯಾ?

```gdscript
func take_hit(stun_frames):
    if hitstun > 0:
        combo += 1
    else:
        combo = 1
    hitstun = stun_frames
```

ಈ ಕೋಡ್ ಹೊಡೆಸಿಕೊಳ್ಳುವ ಪಾತ್ರದ ಒಳಗೆ ಇರಬೇಕು. ಪ್ರತಿ ಫ್ರೇಮಿಗೂ ಅದರ `hitstun` ಒಂದೊಂದೇ ಇಳಿಯಬೇಕು. `ComboTimer` ನೋಡನ್ನೂ `animation_finished` ಸಂಪರ್ಕವನ್ನೂ ತೆಗೆದುಹಾಕಿ. ನಿಮ್ಮ ಹಳೆಯ ಕೋಡಿನಲ್ಲಿ ತಡೆದ ಹೊಡೆತಕ್ಕೂ `combo` ಏರುತ್ತಿತ್ತು ಎಂಬುದನ್ನು ಗಮನಿಸಿದ್ದೀರಾ? ಎದುರಾಳಿ ಬ್ಲಾಕ್ ಮಾಡಿದ್ದರೆ ಈ ಫಂಕ್ಷನ್ನನ್ನು ಕರೆಯಲೇಬಾರದು.

ಪರದೆಯ ಮೇಲಿನ ಬರಹವನ್ನು ಇದರಿಂದ ಬೇರೆಯಾಗಿಡಿ. ಕಾಂಬೊ ಮುಗಿದ ಮೇಲೂ ‘5 ಹಿಟ್’ ಎಂಬ ಅಕ್ಷರಗಳು ಸ್ವಲ್ಪ ಹೊತ್ತು ಉಳಿದರೆ ಆಟಗಾರನಿಗೆ ಓದಲು ಸಮಯ ಸಿಗುತ್ತದೆ, ದೊಡ್ಡ ಆಟಗಳೂ ಹಾಗೆಯೇ ಮಾಡುತ್ತವೆ. ಟೈಮರ್ ಬೇಕಾದರೆ ಆ ಬರಹಕ್ಕೆ ಕೊಡಿ. ಬರಹ ಉಳಿದಿರುವುದನ್ನು ನೋಡಿ ಎಣಿಕೆ ಸೊನ್ನೆಯಾಗಿಲ್ಲವೆಂದು ತಿಳಿದು ಒಂದು ಇಡೀ ಸಂಜೆ ಹಾಳುಮಾಡಿಕೊಂಡವರಲ್ಲಿ ನಾನೂ ಒಬ್ಬ.

ಗುದ್ದುಗಾರ

ಸರ್, ಹೀಗೆ ಬದಲಾಯಿಸಿದ ಮೇಲೆ ಬೆಂಕಿಯ ಉಂಡೆಯ ಪ್ರಸಂಗವೂ ಸರಿಹೋಯಿತು, ಕೋಡೂ ಅರ್ಧಕ್ಕೆ ಇಳಿಯಿತು. ಆದರೆ ಒಂದು ಜೋಡಿ ಮಾತ್ರ ಹಟ ಹಿಡಿದಿದೆ. ಮೀಡಿಯಂ ಪಂಚ್ ತಗಲಿದ ಮೇಲೆ ನನಗೆ ಚೇತರಿಸಿಕೊಳ್ಳಲು 14 ಫ್ರೇಮ್ ಬೇಕು, ಎದುರಾಳಿ 19 ಫ್ರೇಮ್ ತತ್ತರಿಸುತ್ತಾನೆ. ಲೈಟ್ ಪಂಚ್ ತನ್ನ 5ನೇ ಫ್ರೇಮಿನಲ್ಲಿ ತಗಲುತ್ತದೆ. 14ಕ್ಕೆ 5 ಸೇರಿದರೆ 19, ಅಂದರೆ ಇದು ಕೂಡಿಬರಲೇಬೇಕು. ಪರದೆಯಲ್ಲಿ ನೋಡಿದರೂ ಎದುರಾಳಿ ತತ್ತರದಲ್ಲೇ ಇರುವಾಗ ಗುದ್ದು ಬೀಳುತ್ತದೆ. ಆದರೂ ಎಣಿಕೆ 1ಕ್ಕೆ ಮರಳುತ್ತಿದೆ.

ನೀಲಿಚೌಕ

ಇದು ನೋಡ್‌ಗಳ ಕ್ರಮದ ತೊಂದರೆ. ಗೊಡೋ ಸೀನ್ ಟ್ರೀಯಲ್ಲಿ ಮೇಲಿರುವ ನೋಡಿನ `_physics_process` ಅನ್ನು ಮೊದಲು ನಡೆಸುತ್ತದೆ. ಎದುರಾಳಿಯ ನೋಡ್ ಮೊದಲು ಓಡಿ ತನ್ನ ಹಿಟ್‌ಸ್ಟನ್ನನ್ನು ಸೊನ್ನೆಗಿಳಿಸಿಕೊಂಡರೆ, ನಂತರ ಬರುವ ನಿಮ್ಮ ಹೊಡೆತಕ್ಕೆ ಅವನು ಬಿಡುಗಡೆಯಾದವನಂತೆ ಕಾಣುತ್ತಾನೆ. ಕ್ರಮ ಬದಲಿಸಿದರೆ ಸರಿಹೋಗುತ್ತದೆ.

ಗುದ್ದುಗಾರ

ಎರಡೂ ಕ್ರಮದಲ್ಲಿ ಪ್ರಯತ್ನಿಸಿದೆ. ಆಟಗಾರ 1 ಹೊಡೆದರೂ ಅಷ್ಟೇ, 2 ಹೊಡೆದರೂ ಅಷ್ಟೇ.

ಅರವತ್ತನೇ ಫ್ರೇಮ್

ಕಾಗದದ ಮೇಲೆ ಎಣಿಸಿದರೆ ಕ್ರಮ ಏಕೆ ನೆರವಾಗಲಿಲ್ಲವೆಂಬುದು ತಿಳಿಯುತ್ತದೆ. ಮೀಡಿಯಂ ತಗಲಿದ ಫ್ರೇಮನ್ನು 0 ಎನ್ನೋಣ. ಆಗ `hitstun` 19 ಆಗುತ್ತದೆ. ಹೊಡೆಸಿಕೊಂಡವನ ನೋಡ್ ನಂತರ ಓಡುವುದಾದರೆ ಅದೇ 0ನೇ ಫ್ರೇಮಿನಲ್ಲಿ ಒಂದು ಇಳಿಯುತ್ತದೆ, 18ನೇ ಫ್ರೇಮ್ ಮುಗಿಯುವ ಹೊತ್ತಿಗೆ ಒಟ್ಟು 19 ಬಾರಿ ಇಳಿದಿರುತ್ತದೆ. 19ನೇ ಫ್ರೇಮಿನಲ್ಲಿ ಲೈಟ್ ಪಂಚ್ ಬಂದು ನೋಡಿದಾಗ ಸೊನ್ನೆ. ಅವನ ನೋಡ್ ಮೊದಲೇ ಓಡುವುದಾದರೆ 0ನೇ ಫ್ರೇಮಿನಲ್ಲಿ ಇಳಿಯುವುದಿಲ್ಲ, 1ರಿಂದ 19ರವರೆಗೆ ಇಳಿಯುತ್ತದೆ, ಅದೂ 19 ಬಾರಿಯೇ. ಆಗಲೂ ಪಂಚ್ ನೋಡುವುದು ಸೊನ್ನೆಯನ್ನೇ. 19 ಫ್ರೇಮ್ ಅಂತರದ ಎರಡು ಪರೀಕ್ಷೆಗಳ ನಡುವೆ ಯಾವ ಕ್ರಮದಲ್ಲಿ ಓಡಿಸಿದರೂ 19 ಇಳಿತಗಳೇ ಬರುತ್ತವೆ.

ತಪ್ಪಿರುವುದು ನಾನು ಕೊಟ್ಟ ಸಾಲಿನಲ್ಲಿಯೇ, ಕ್ಷಮಿಸಿ. 19 ಫ್ರೇಮ್ ತತ್ತರ ಎಂದರೆ 1ರಿಂದ 19ರವರೆಗೆ, 19 ಕೂಡ ಸೇರಿ, ಅವನು ಸೆರೆಯಲ್ಲಿರಬೇಕು, 20ರಲ್ಲಿ ಬಿಡುಗಡೆಯಾಗಬೇಕು. ಆದ್ದರಿಂದ ಕೊನೆಯ ಸಾಲು ಹೀಗಿರಬೇಕು:

```gdscript
    hitstun = stun_frames + 1
```

ಈಗ 19ನೇ ಫ್ರೇಮಿನ ಪರೀಕ್ಷೆಯಲ್ಲಿ 1 ಉಳಿದಿರುತ್ತದೆ, ಕಾಂಬೊ ಕೂಡಿಬರುತ್ತದೆ.

ಆದರೂ ನೀಲಿಚೌಕ ಅವರ ಮಾತನ್ನು ಪೂರ್ತಿ ಪಕ್ಕಕ್ಕೆ ತಳ್ಳಬೇಡಿ. ಎಣಿಕೆಗೆ ಕ್ರಮ ಮುಖ್ಯವಲ್ಲದಿದ್ದರೂ ಬಿಡುಗಡೆಗೆ ಮುಖ್ಯ. ಟ್ರೀಯಲ್ಲಿ ಕೆಳಗಿರುವ ಆಟಗಾರ 2 ಹೊಡೆಸಿಕೊಂಡಾಗ 0ನೇ ಫ್ರೇಮಿನಿಂದಲೇ ಇಳಿಕೆ ಶುರುವಾಗುವುದರಿಂದ, ಲೈಟ್ ಪಂಚ್ ಬಾರದಿದ್ದರೆ ಅವನು 19ರಲ್ಲಿಯೇ ಕೈಕಾಲು ಆಡಿಸಬಲ್ಲ. ಆಟಗಾರ 1 ಮಾತ್ರ 20ರವರೆಗೆ ಕಾಯಬೇಕು. ಬಲಗಡೆಯವನಿಗೆ ಸದಾ ಒಂದು ಫ್ರೇಮ್ ಉಡುಗೊರೆ! ಇದನ್ನು ತಪ್ಪಿಸಲು ಇಬ್ಬರ `_physics_process` ಅನ್ನೂ ಖಾಲಿ ಮಾಡಿ, ಇಬ್ಬರಿಗೂ ತಾಯಿಯಾಗಿರುವ ಒಂದೇ ನೋಡಿನಿಂದ ನಡೆಸಿ. ಮೊದಲು ಇಬ್ಬರ ಹಿಟ್‌ಸ್ಟನ್ ಇಳಿಸಿ, ನಂತರ ಇಬ್ಬರ ಗುಂಡಿಗಳನ್ನು ಓದಿ ಚಲನೆ ನಡೆಸಿ, ಕೊನೆಯಲ್ಲಿ ಇಬ್ಬರ ಹೊಡೆತಗಳನ್ನು ಪರೀಕ್ಷಿಸಿ.

ತುಂಗಾತೀರ

ನನ್ನ ಅನುಭವವೊಂದನ್ನು ಸೇರಿಸುತ್ತೇನೆ. ಹೊಡೆತ ತಗಲಿದಾಗ ಇಬ್ಬರೂ ಕ್ಷಣಕಾಲ ಕಲ್ಲಿನಂತೆ ನಿಲ್ಲುವ ಹಿಟ್‌ಸ್ಟಾಪ್ ನಿಮ್ಮ ಆಟದಲ್ಲಿ ಇನ್ನೂ ಇಲ್ಲದಿದ್ದರೆ ಮುಂದೆ ಖಂಡಿತ ಹಾಕುತ್ತೀರಿ, ಏಕೆಂದರೆ ಅದಿಲ್ಲದೆ ಗುದ್ದಿಗೆ ತೂಕವೇ ಬರುವುದಿಲ್ಲ. ನಾನು 8 ಫ್ರೇಮಿನ ಹಿಟ್‌ಸ್ಟಾಪ್ ಸೇರಿಸಿದ ದಿನ ನನ್ನ ಆಟದ ಎಲ್ಲ ಕಾಂಬೊಗಳೂ ಒಮ್ಮೆಲೇ ಸತ್ತುಹೋದವು. ಅನಿಮೇಷನ್ ನಿಂತಿತ್ತು, ಹಿಟ್‌ಸ್ಟನ್ ಇಳಿಯುವುದು ಮಾತ್ರ ನಿಂತಿರಲಿಲ್ಲ. ಹೀಗೆ ನಿಮ್ಮ 19 ಫ್ರೇಮಿನಲ್ಲಿ 8 ಕಲ್ಲಾಗಿ ನಿಂತಾಗಲೇ ಖರ್ಚಾದರೆ ಉಳಿಯುವುದು 11, ಹೊಡೆದವನಿಗೆ ಚೇತರಿಸಿಕೊಳ್ಳಲು ಬೇಕಾಗುವುದು 14.

```gdscript
if hitstop > 0:
    hitstop -= 1
elif hitstun > 0:
    hitstun -= 1
```

ಬೆಂಕಿಯ ಉಂಡೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸಾಮಾನ್ಯವಾಗಿ ಉಂಡೆ ತಗಲಿದಾಗ ಹೊಡೆಸಿಕೊಂಡವನು ಮಾತ್ರ ಕಲ್ಲಾಗುತ್ತಾನೆ, ದೂರದಲ್ಲಿರುವ ಎಸೆದವನು ಓಡಾಡುತ್ತಲೇ ಇರುತ್ತಾನೆ. ಆಗ ಎಸೆದವನಿಗೆ ಅಷ್ಟು ಫ್ರೇಮ್‌ಗಳ ಲಾಭ ಸೇರುತ್ತದೆ. ನೀವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಹೊಡೆತಗಳು ಕೂಡಿಬಂದರೆ ಎಣಿಕೆ ಕೆಟ್ಟಿದೆಯೆಂದು ಗಾಬರಿಯಾಗಬೇಡಿ.

ಗುದ್ದುಗಾರ

ಮೇಡಂ, ಹಿಟ್‌ಸ್ಟಾಪ್ ನಾಳೆಯ ಪಟ್ಟಿಯಲ್ಲೇ ಇತ್ತು. ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು.

ಒಂದೇ ನೋಡಿನಿಂದ ನಡೆಸುವಂತೆ ಬದಲಾಯಿಸಿದೆ. ಮೀಡಿಯಂ–ಲೈಟ್ ಜೋಡಿ ಎರಡೂ ಕಡೆಯಿಂದ ಕೂಡಿಬರುತ್ತಿದೆ, ಒಂದು ಫ್ರೇಮ್ ತಡವಾಗಿ ಒತ್ತಿದರೆ ಎಣಿಕೆ 1ಕ್ಕೆ ಮರಳುತ್ತಿದೆ. ಆದರೆ ಎಣಿಕೆ ಹೇಳುವುದು ನಿಜವೇ ಎಂದು ಎಣಿಕೆಯನ್ನು ನಂಬದೆ ತಿಳಿಯುವುದು ಹೇಗೆ?

ಅರವತ್ತನೇ ಫ್ರೇಮ್

ಅಭ್ಯಾಸದ ಡಮ್ಮಿಗೆ ‘ಮೊದಲ ಹೊಡೆತದ ನಂತರ ತಡೆ’ ಎಂಬ ಆಯ್ಕೆ ಕೊಡಿ. ಮೊದಲ ಹೊಡೆತವನ್ನು ತಿಂದು, ಬಿಡುಗಡೆಯಾದ ಮೊದಲ ಫ್ರೇಮಿನಿಂದಲೇ ಅದು ಬ್ಲಾಕ್ ಹಿಡಿಯಬೇಕು. ಎರಡನೆಯದು ತಗಲಿದರೆ ನಿಜವಾದ ಕಾಂಬೊ, ತಡೆದರೆ ಅಲ್ಲ. ಡಮ್ಮಿ ತಡೆದೂ ಎಣಿಕೆ ಏರಿದರೆ ದೋಷ ಎಣಿಕೆಯದು. ಡಮ್ಮಿಗೆ ತಗಲಿಯೂ ಎಣಿಕೆ 1ಕ್ಕೆ ಬಂದರೆ ಬಿಡುಗಡೆಯ ಫ್ರೇಮೂ ಎಣಿಕೆಯ ಫ್ರೇಮೂ ಒಂದರಿಂದ ಹೊಂದಿಕೆ ತಪ್ಪಿವೆ ಎಂದರ್ಥ.

ಬೀದಿಕಾಳಗ

ಕೋಡ್ ನನಗೆ ಅರ್ಥವಾಗದು, ಆದರೆ ಆಡುವವನಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಗಾಳಿಗೆ ಎತ್ತಿ ಹೊಡೆದಾಗ ಏನಾಗುತ್ತದೆ? ಕೆಲವು ಆಟಗಳಲ್ಲಿ ಬೀಳುತ್ತಿರುವವನು ಗುಂಡಿ ಒತ್ತಿ ಗಾಳಿಯಲ್ಲೇ ಸಾವರಿಸಿಕೊಳ್ಳಬಹುದು. ಅವನು ಒತ್ತದೇ ಸುಮ್ಮನಿದ್ದರೆ ಮುಂದಿನ ಹೊಡೆತ ಕಾಂಬೊ ಆಗುತ್ತದೆಯೇ?

ಅರವತ್ತನೇ ಫ್ರೇಮ್

ಒಳ್ಳೆಯ ಪ್ರಶ್ನೆ, ಇದಕ್ಕೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ಬ್ಲೇಜ್‌ಬ್ಲೂ ಸರಣಿಯಲ್ಲಿ ಎಣಿಕೆಯನ್ನು ಮುರಿಯದೆ, ಎದುರಾಳಿಗೆ ತಪ್ಪಿಸಿಕೊಳ್ಳುವ ಅವಕಾಶ ಸಿಕ್ಕಿತ್ತು ಎಂಬುದನ್ನು ತಿಳಿಸಲು ಅಂಕಿಯನ್ನು ನೀಲಿ ಬಣ್ಣಕ್ಕೆ ತಿರುಗಿಸುತ್ತಾರೆ. ನನಗೆ ಆ ದಾರಿ ಇಷ್ಟ. ತಪ್ಪಿಸಿಕೊಳ್ಳಬಹುದಿತ್ತು ಎಂಬುದೂ ತಪ್ಪಿಸಿಕೊಂಡ ಎಂಬುದೂ ಬೇರೆ ಬೇರೆ, ಅವೆರಡನ್ನೂ ಒಂದೇ ಸೊನ್ನೆಯಲ್ಲಿ ಮುಚ್ಚಬಾರದು.

ತುಂಗಾತೀರ

ನಾನು ಒಪ್ಪುವುದಿಲ್ಲ. ಗುದ್ದುಗಾರ ಅವರ ಆಟದಲ್ಲಿ ಎಣಿಕೆ ಹೊಡೆತದ ಬಲವನ್ನು ಕುಗ್ಗಿಸುತ್ತದೆ. ಗುಂಡಿ ಒತ್ತದೆ ಸುಮ್ಮನೆ ಬಿದ್ದವನಿಗೆ ಬಲ ಕುಗ್ಗುವ ರಕ್ಷಣೆಯನ್ನೂ ಮುಂದುವರಿಸಿದರೆ, ಸಾವರಿಸಿಕೊಳ್ಳದಿರುವುದೇ ಕೆಲವೊಮ್ಮೆ ಲಾಭವಾಗುತ್ತದೆ. ಅವಕಾಶ ಸಿಕ್ಕ ಫ್ರೇಮಿನಲ್ಲಿಯೇ ಎಣಿಕೆ ಮುರಿಯುವಂತೆ ನಾನು ಮಾಡಿದ್ದೇನೆ, ಆಡಿದವರು ದೂರಲಿಲ್ಲ.

ಅರವತ್ತನೇ ಫ್ರೇಮ್

ಹಾಗಾದರೆ ಬಣ್ಣಕ್ಕೆ ಒಂದು ಎಣಿಕೆ, ಬಲಕ್ಕೆ ಇನ್ನೊಂದು ಎಣಿಕೆ ಇಟ್ಟುಕೊಳ್ಳಬಹುದಲ್ಲ?

ತುಂಗಾತೀರ

ಇಡಬಹುದು. ಪರದೆ 5 ಎಂದು ತೋರಿಸುತ್ತಿರುವಾಗ ಹೊಡೆತ ಪೂರ್ತಿ ಬಲದಿಂದ ಬಿದ್ದರೆ, ಇನ್ನೊಬ್ಬ ಗುದ್ದುಗಾರ ಇಲ್ಲಿಗೆ ಬಂದು ಎಣಿಕೆಯಲ್ಲಿ ದೋಷವಿದೆಯೆಂದು ಬರೆಯುತ್ತಾನೆ.

ಗುದ್ದುಗಾರ

ಡಮ್ಮಿಗೆ ತಡೆಯ ಆಯ್ಕೆ ಕೊಟ್ಟೆ, ಜೊತೆಗೆ ಗಾಳಿಯಲ್ಲಿ ಅವಕಾಶ ಸಿಕ್ಕ ಮೊದಲ ಫ್ರೇಮಿನಲ್ಲೇ ಸಾವರಿಸಿಕೊಳ್ಳುವ ಆಯ್ಕೆಯನ್ನೂ ಸೇರಿಸಿದೆ. ನೆಲದ ಮೇಲಿನ ಜೋಡಿಗಳಲ್ಲಿ ಡಮ್ಮಿಯೂ ಎಣಿಕೆಯೂ ಒಂದೇ ಮಾತು ಹೇಳುತ್ತಿವೆ. ಆದರೆ ಆಟವನ್ನು ತೋರಿಸುವಾಗಲೆಲ್ಲ ನಾನು ಹೆಮ್ಮೆಯಿಂದ ಆಡಿತೋರಿಸುತ್ತಿದ್ದ ಐದು ಹೊಡೆತದ ಗಾಳಿ ಕಾಂಬೊದಲ್ಲಿ ಮೂರನೆಯದರ ನಂತರ ಡಮ್ಮಿ ಪಲ್ಟಿ ಹೊಡೆದು ದೂರ ಸರಿಯಿತು. ಇಷ್ಟು ದಿನ ಅದು ಕೂಡಿಬರುತ್ತಿದ್ದದ್ದು ಡಮ್ಮಿಗೆ ಗುಂಡಿ ಒತ್ತಲು ನಾನು ಕಲಿಸದೇ ಇದ್ದುದರಿಂದ. ಸದ್ಯಕ್ಕೆ ಅಂಕಿಯನ್ನು ನೀಲಿ ಮಾಡಿ, ಬಲದ ಲೆಕ್ಕವನ್ನು ಮೊದಲಿನಂತೆಯೇ ಬಿಟ್ಟಿದ್ದೇನೆ. ಭಾನುವಾರ ಇಬ್ಬರು ಗೆಳೆಯರು ಆಡಲು ಬರುತ್ತಾರೆ, ಅವರು ಬೇಕೆಂದೇ ಸುಮ್ಮನೆ ಬೀಳಲು ಶುರುಮಾಡಿದರೆ ಮೇಡಂ ಹೇಳಿದಂತೆ ಬದಲಾಯಿಸುತ್ತೇನೆ.